ಕೆಂಪು ಅಕ್ಷರದಲ್ಲಿ ‘ಮೋಸ’

31 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಚೆಕ್ ಪಾಸ್ ಮಾಡಿದವಳು ನಾನು. ಸಹಿಯ ಬಾಲ ಕೂದಲೆಳೆಯಷ್ಟು ಆಚೀಚೆ ಆಗಿದ್ದರೂ ಸ್ಪೆಸಿಮನ್ ಕಾರ್ಡು ತೆಗೆದು ಪಕ್ಕದಲ್ಲಿಟ್ಟು ನೋಡದೆ ಬಿಟ್ಟವಳಲ್ಲ. ‘ಆ ಮೇಡಂ ಇದ್ದಾರೆ, ಊಟ ಆದ್ಮೇಲೆ ಬರೋಣ’ ಎಂದು ಗಿರಾಕಿಗಳು ಮಾತಾಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ಅದನ್ನು ಹೊಗಳಿಕೆ ಎಂದೇ ಜಮಾ ಮಾಡಿಕೊಂಡಿದ್ದೆ. ನಿವೃತ್ತಿಯಾಗಿ ಮೈಸೂರಿನಲ್ಲಿ ನೆಲೆಸಿದ ಮೇಲೆ ನಮ್ಮ ಬಡಾವಣೆಯ ಮಹಿಳಾ ಸಮಾಜದ ಲೆಕ್ಕದ ಪುಸ್ತಕ ಯಾವ ಚುನಾವಣೆಯೂ ಇಲ್ಲದೆ ನನ್ನ ಕೈಗೆ ಬಂತು. ‘ನೀವು ನೋಡಿದ್ದೀರಿ ಅಂದ್ರೆ ಮುಗೀತು’ ಅನ್ನುತ್ತಿದ್ದರು. ಆ ಮಾತಿನ ಮೇಲೆಯೇ 23,500 ರೂಪಾಯಿ ಹೋಯಿತು. ಹೋದ ದುಡ್ಡಿನದ್ದು ಸಣ್ಣ ಕಥೆ. ಅದರ ಹಿಂದೆಯೇ ಇನ್ನೊಂದು ತಪ್ಪು ಮಾಡಿದೆ. ಅದನ್ನು ಹೇಳುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು.

ಮೊದಲನೆಯದು ಆಷಾಢದಲ್ಲಿ. ಸಮಾಜದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಅದರ ತಲೆಯ ಮೇಲೆ ಎರಡು ಬಾಣದ ಗುರುತು ಇತ್ತು, ಹಲವು ಸಲ ಕೈ ಬದಲಾಯಿಸಿ ಬಂದದ್ದು ಎಂದು ಅರ್ಥ. ಆಗ ನನಗೆ ಅದರ ಅರ್ಥ ಗೊತ್ತಿರಲಿಲ್ಲ. ಮೂರು ವರ್ಷದ ಮಗು, ನಿನ್ನೆ ತಾನೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು, 48 ಗಂಟೆಯೊಳಗೆ ಆಪರೇಷನ್ ಆಗಬೇಕು, ತಂದೆ ಆಟೊ ಓಡಿಸುತ್ತಾರೆ, ಆಸ್ಪತ್ರೆ ಬೆಂಗಳೂರಿನದು. ಜೊತೆಗೆ ನಾಲ್ಕು ಚಿತ್ರ. ಒಂದರಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ, ತಲೆಯಲ್ಲಿ ಕೂದಲಿಲ್ಲದ ಕೂಸು. ಇನ್ನೊಂದರಲ್ಲಿ ಮಗುವಿನ ಮಂಚದ ಪಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿರುವ ತಾಯಿ. ಮೂರನೆಯದು ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರ. ನಾಲ್ಕನೆಯದು ಕ್ಯೂಆರ್ ಕೋಡ್.

ನಾನು ಎಷ್ಟು ಹೊತ್ತು ನೋಡಿದೆ? ಮೊದಲ ಚಿತ್ರವನ್ನು ಎರಡು ಸೆಕೆಂಡು ನೋಡಿ ಕಣ್ಣು ತೆಗೆದುಬಿಟ್ಟೆ. ನೋಡಲಾಗಲಿಲ್ಲ. ಈ ಕಳ್ಳರಿಗೆ ಬೇಕಿರುವುದೂ ಅದೇ ಎಂದು ಈಗ ಅನ್ನಿಸುತ್ತದೆ. ನೋಡಲಾಗದ ಚಿತ್ರವನ್ನು ಯಾರೂ ನಿಟ್ಟಿಸಿ ಪರೀಕ್ಷೆ ಮಾಡುವುದಿಲ್ಲ. ಗುಂಪಿನಲ್ಲಿ ‘ನಮ್ಮ ಕೈಲಾದ್ದು ಕೊಡೋಣ’ ಎಂದು ನಾನೇ ಬರೆದೆ, ಎರಡು ದಿನದಲ್ಲಿ ದುಡ್ಡು ಕೂಡಿತು, ಕೋಡ್ ಸ್ಕ್ಯಾನ್ ಮಾಡಿದೆ. ಪಿನ್ ಒತ್ತುವ ಮುಂಚೆ ಖಾತೆದಾರನ ಹೆಸರು ಪರದೆಯ ಮೇಲೆ ಬರುತ್ತದಲ್ಲ, ಅದು ಸಂದೇಶದಲ್ಲಿದ್ದ ತಂದೆಯ ಹೆಸರಾಗಿರಲಿಲ್ಲ. ಯಾರೋ ನೆಂಟರಿರಬೇಕು ಅಂದುಕೊಂಡು ಒತ್ತಿದೆ. ಕೌಂಟರಿನಲ್ಲಿ ಹೀಗೆ ‘ನೆಂಟರಿರಬೇಕು’ ಎಂದು ಒಂದು ಚೆಕ್ ಪಾಸ್ ಮಾಡಿದ್ದರೆ ನನ್ನ ಕೆಲಸ ಉಳಿಯುತ್ತಿರಲಿಲ್ಲ.

ತಿಂಗಳಾದ ಮೇಲೆ ತಂಗಿಯ ಮಗಳು ಬಂದಿದ್ದಳು. ಪತ್ರಿಕೋದ್ಯಮ ಓದುತ್ತಿದ್ದ ಹುಡುಗಿ. ನಾನು ಅಡುಗೆಮನೆಯಲ್ಲಿ ಒತ್ತುಶಾವಿಗೆ ಒತ್ತುತ್ತ ಹೆಮ್ಮೆಯಿಂದಲೇ ಈ ಸಹಾಯದ ಸಂಗತಿ ಹೇಳಿದೆ. ಅವಳು ನನ್ನ ಮೊಬೈಲು ತೆಗೆದುಕೊಂಡು ಬಹಳ ಹೊತ್ತು ಮಾತಾಡದೆ ಕೂತಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ‘ದೊಡ್ಡಮ್ಮ, ನಿನ್ನೆ ಗೊತ್ತಾದ ಕಾಯಿಲೆಗೆ ಇವತ್ತು ಕೂದಲು ಹೇಗೆ ಹೋಯ್ತು?’

ನನಗೆ ತಕ್ಷಣ ಅರ್ಥವಾಗಲಿಲ್ಲ. ಕೂದಲು ಉದುರುವುದು ಕ್ಯಾನ್ಸರಿನಿಂದಲ್ಲ, ಅದಕ್ಕೆ ಕೊಡುವ ಕಿಮೊಥೆರಪಿಯಿಂದ. ಅದೂ ಔಷಧ ಶುರುವಾಗಿ ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ. ಇನ್ನು 48 ಗಂಟೆಯೊಳಗಿನ ಆಪರೇಷನ್? ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಕೊಯ್ದು ತೆಗೆಯುವ ಗಡ್ಡೆ ಇರುವುದಿಲ್ಲ. ಅದರ ಚಿಕಿತ್ಸೆ ಎಂದರೆ ಹೆಚ್ಚಿನ ಸಲ ಎರಡು ಮೂರು ವರ್ಷ ಎಳೆಯುವ ಔಷಧದ ಸರಣಿ. ಇಷ್ಟು ಹೇಳುವುದಕ್ಕೆ ಅವಳು ಯಾವ ಜಾಲತಾಣವನ್ನೂ ತೆರೆದಿರಲಿಲ್ಲ. ಬರಹ ಹೇಳುವ ಸಮಯ, ಚಿತ್ರ ತೋರಿಸುವ ಸಮಯ, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಳು, ಅಷ್ಟೆ.

ಆಮೇಲೆ ಎರಡು ಚಿತ್ರಗಳನ್ನು ಒಂದಾದ ಮೇಲೊಂದು ದೊಡ್ಡದು ಮಾಡಿ ತೋರಿಸಿದಳು. ‘ಕಿವಿ ನೋಡಿ’ ಅಂದಳು. ಮೊದಲ ಚಿತ್ರದ ಮಗುವಿಗೆ ಕಿವಿ ಚುಚ್ಚಿಲ್ಲ. ಅಳುವ ತಾಯಿಯ ಪಕ್ಕದ ಮಗುವಿನ ಕಿವಿಯಲ್ಲಿ ಕಪ್ಪು ದಾರ. ನಮ್ಮ ಮನೆಯಲ್ಲೇ ಏಳು ಮಕ್ಕಳ ಕಿವಿ ಚುಚ್ಚಿಸಿದ್ದೇವೆ, ಅಕ್ಕಸಾಲಿಗನ ತೊಡೆಯ ಮೇಲೆ ಅವು ಹಿಡಿದ ರಂಪಾಟ ನನಗೆ ಇಂದಿಗೂ ನೆನಪಿದೆ. ಹಾಗಿದ್ದೂ ಆ ಎರಡು ಕಿವಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವು ಎರಡು ಬೇರೆ ಮಕ್ಕಳ ಚಿತ್ರ. ಕೂದಲಿಲ್ಲದ ತಲೆ, ಮೂಗಿನ ನಳಿಗೆ, ಬಿಳಿ ಹಾಸಿಗೆ ಇಷ್ಟು ಕಂಡರೆ ಸಾಕು, ಎಲ್ಲ ಮಕ್ಕಳೂ ಒಂದೇ ಮಗುವಾಗಿಬಿಡುತ್ತಾರೆ.

ಈಗ ಹುಡುಕಾಟ. ಮೊದಲ ಚಿತ್ರವನ್ನು ಅವಳು ಗೂಗಲ್ ಲೆನ್ಸ್‌ಗೆ ಕೊಟ್ಟಳು. ಬಂದದ್ದೆಲ್ಲ ಬೇರೆ ಯಾವ ಯಾವುದೋ ಕಾಯಿಲೆಯ ಮಕ್ಕಳು, ಇಂಥದೇ ಮಂಚ, ಇಂಥದೇ ಹೊದಿಕೆ. ಲೆನ್ಸ್ ಮೊದಲು ತೋರಿಸುವುದು ‘ಇದರ ಹಾಗಿರುವ’ ಚಿತ್ರಗಳನ್ನು. ಅದೇ ಚಿತ್ರ ಬೇಕಿದ್ದರೆ `Exact matches` ಎಂಬಲ್ಲಿ ಒತ್ತಬೇಕು. ಅಲ್ಲಿ ಏನೂ ಇರಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ‘ನೋಡು, ಸಿಗಲಿಲ್ಲ ಅಂದಮೇಲೆ ನಿಜವೇ ಇರಬಹುದಲ್ಲ’ ಅಂದೆ.

‘ದೊಡ್ಡಮ್ಮ, ಹೊದಿಕೆಯ ಮೇಲಿರೋದನ್ನ ಓದಿ.’

ಕರಡಿ ಮರಿಯ ಚಿತ್ರದ ಕೆಳಗೆ ಏನೋ ಬರೆದಿತ್ತು. ಓದಲು ಬರಲಿಲ್ಲ, ಯಾವುದೋ ಪರದೇಶದ ಲಿಪಿ ಅಂದುಕೊಂಡೆ. ಅವಳು ಮೊಬೈಲಿನಲ್ಲೇ ಚಿತ್ರವನ್ನು ಎಡಬಲ ತಿರುಗಿಸಿದಳು, ಕನ್ನಡಿಯಲ್ಲಿ ನೋಡಿದ ಹಾಗೆ. ಅಕ್ಷರ ನೆಟ್ಟಗಾಯಿತು, ಇಂಗ್ಲಿಷಿನ ಅಕ್ಷರಗಳೇ. ಕದ್ದವರು ಚಿತ್ರವನ್ನು ಮಗುಚಿ ಹಾಕಿದ್ದರು. ಹೀಗೆ ಕನ್ನಡಿ ಬಿಂಬವಾದ ಚಿತ್ರದ ಮುಂದೆ ಹುಡುಕುವ ಯಂತ್ರಗಳು ಬಹಳ ಸಲ ಎಡವುತ್ತವೆ. ಅದರ ಮೇಲೆ ಚಿತ್ರದ ಕೆಳಗೆ ‘ದಯವಿಟ್ಟು ಮಗುವನ್ನು ಉಳಿಸಿ’ ಎಂಬ ಹಳದಿ ಪಟ್ಟಿ, ಮೂಲೆಯಲ್ಲಿ ಕೈಮುಗಿದ ಗುರುತು ಸೇರಿಸಿದ್ದರು. ಅವಳು ಪಟ್ಟಿಯನ್ನೂ ಗುರುತನ್ನೂ ಕತ್ತರಿಸಿ ತೆಗೆದು, ಮಗುವಿನ ಮುಖ, ದಿಂಬು, ಹಿಂದಿನ ಗೋಡೆ ಇಷ್ಟನ್ನೇ ಉಳಿಸಿಕೊಂಡು ಮತ್ತೆ ಹುಡುಕಿದಳು. ಈ ಸಲ ಬಂತು. ಮೆಕ್ಸಿಕೊದ ಒಂದು ಊರಿನ ಸ್ಪ್ಯಾನಿಷ್ ಪತ್ರಿಕೆ, ಎಂಟು ವರ್ಷದ ಹಿಂದಿನ ಸುದ್ದಿ. ಹಿಂದಿನ ಗೋಡೆಯ ಪ್ಲಗ್ ಪಾಯಿಂಟಿನಲ್ಲಿ ನಮ್ಮ ಹಾಗೆ ದುಂಡು ತೂತು ಇರಲಿಲ್ಲ, ಸೀಳಿದಂಥ ಎರಡು ಗೆರೆ ಇದ್ದವು, ಅದನ್ನೂ ತೋರಿಸಿದಳು. ಸುದ್ದಿಯನ್ನು ಭಾಷಾಂತರಕ್ಕೆ ಹಾಕಿ ಓದಿದೆವು. ಆ ಮಗು ಆ ವರ್ಷವೇ ತೀರಿಕೊಂಡಿತ್ತು.

ಶಾವಿಗೆ ಒರಳಿನಲ್ಲೇ ಬಿಗಿದುಕೊಂಡಿತು. ದುಡ್ಡು ಹೋಯಿತಲ್ಲ ಎಂದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಎಂಟು ವರ್ಷದ ಹಿಂದೆ ಸತ್ತ ಮಗುವಿನ ಮುಖ ತೋರಿಸಿ ಇವತ್ತು ದುಡ್ಡು ಎತ್ತುತ್ತಿದ್ದಾರೆ, ಅದರ ತಾಯಿ ಎಲ್ಲೋ ಬದುಕಿದ್ದಾಳೆ ಅನ್ನುವುದೇ ತಲೆಯಲ್ಲಿ ತಿರುಗುತ್ತಿತ್ತು.

ಎರಡನೆಯ ಚಿತ್ರ, ಅಳುವ ತಾಯಿಯದು, ಉತ್ತರ ಭಾರತದ ಒಂದು ಕುಟುಂಬ ಹಿಂದೆ ನಿಜವಾಗಿಯೇ ಮಾಡಿದ್ದ ಮನವಿಯದು. ಅಂದಾಜು ಪತ್ರದ ಬಗ್ಗೆ ಹೆಚ್ಚು ಹೇಳಲಾರೆ, ನಾಚಿಕೆಯಾಗುತ್ತದೆ. ಐದು ಬಾಬತ್ತುಗಳನ್ನು ಕೂಡಿದರೆ ಕೆಳಗೆ ಬರೆದ ಮೊತ್ತ ಬರುತ್ತಿರಲಿಲ್ಲ. ಮಗುವಿನ ಹೆಸರಿನ ಅಕ್ಷರ ಉಳಿದ ಸಾಲುಗಳಿಗಿಂತ ಒಂದು ಸುತ್ತು ದಪ್ಪ. ಚೆಕ್ಕಿನಲ್ಲಿ ಇಂಥದ್ದನ್ನು ನಾನು ಹತ್ತು ಅಡಿ ದೂರದಿಂದ ಹಿಡಿಯುತ್ತಿದ್ದೆ.

1930ಕ್ಕೆ ಫೋನ್ ಮಾಡಿ ಸೈಬರ್ ಅಪರಾಧದ ದೂರು ಕೊಟ್ಟೆ, cybercrime.gov.in ನಲ್ಲೂ ಬರೆದೆ. ಹಣ ಹೋದ ಕೆಲವೇ ಗಂಟೆಯೊಳಗೆ ಹೇಳಿದರೆ ಅದು ಖಾತೆಯಿಂದ ಖಾತೆಗೆ ಜಾರುವ ಮುಂಚೆ ತಡೆಯುವ ಅವಕಾಶ ಇರುತ್ತದೆ. ನಾನು ಹೇಳಿದ್ದು ನಲವತ್ತು ದಿನದ ಮೇಲೆ. ವಾಪಸ್ ಬರಲಿಲ್ಲ. ಸಮಾಜದ ಪುಸ್ತಕಕ್ಕೆ ನನ್ನ ಪಿಂಚಣಿಯಿಂದ 23,500 ತುಂಬಿ ಲೆಕ್ಕ ಸರಿ ಮಾಡಿದೆ. ಬೇಡ ಎಂದರು, ಕೇಳಲಿಲ್ಲ. ಅಲ್ಲಿಗೆ ಮುಗಿದಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ.

ಮುಗಿಯಲಿಲ್ಲ, ಯಾಕೆಂದರೆ ನಾನು ಬುದ್ಧಿವಂತೆಯಾದೆ. ಲೆನ್ಸ್ ಕಲಿತೆ. ಟಿನ್‌ಐ ಎಂಬ ಇನ್ನೊಂದು ತಾಣ ಇದೆ, tineye.com, ಅದನ್ನೂ ಕಲಿಸಿ ಹೋಗಿದ್ದಳು ತಂಗಿಯ ಮಗಳು. ಗುಂಪಿಗೆ ಬಂದ ಪ್ರತಿ ಮನವಿಯ ಚಿತ್ರವನ್ನೂ ಹುಡುಕುತ್ತಿದ್ದೆ. ಮೂರು ನಾಲ್ಕು ಕಡೆ ಮೋಸ ಹಿಡಿದೆ ಕೂಡ. ಒಂದು ಸಲ ‘ಕ್ಯಾನ್ಸರ್ ಮಗು’ ಎಂದು ಬಂದ ಚಿತ್ರ ಬ್ರಿಟನ್ನಿನ ಒಬ್ಬ ಪುಟ್ಟ ಹುಡುಗನದು ಎಂದು ಗೊತ್ತಾಯಿತು. 2017ರಲ್ಲೇ ಅದು ಜಗತ್ತೆಲ್ಲ ಸುತ್ತಿ ಸುದ್ದಿಯಾಗಿತ್ತು. ಹುಡುಗನಿಗೆ ಹಿಂದಿನ ವರ್ಷ ಜೋರಾಗಿ ಚಿಕನ್‌ಪಾಕ್ಸ್ ಆಗಿತ್ತು, ಅದರ ಸುದ್ದಿಯಲ್ಲಿ ಬಂದ ಚಿತ್ರ ಕದ್ದು ಫೇಸ್‌ಬುಕ್ಕಿನಲ್ಲಿ ಕ್ಯಾನ್ಸರ್ ಎಂದು ಹಾಕಿ, ಒಂದೊಂದು ಲೈಕಿಗೂ ಶೇರಿಗೂ ಫೇಸ್‌ಬುಕ್ಕೇ ದುಡ್ಡು ಕೊಡುತ್ತದೆ ಎಂದು ನಂಬಿಸಿದ್ದರು. ಆ ಮೈತುಂಬ ಎದ್ದ ಬೊಕ್ಕೆ ನೋಡಿದರೆ ನಮ್ಮ ಯಾವ ಹಳ್ಳಿಯ ಅಜ್ಜಿಯಾದರೂ ‘ಅಮ್ಮ ಆಗಿದೆ, ಬೇವಿನ ಸೊಪ್ಪು ತನ್ನಿ’ ಅನ್ನುತ್ತಿದ್ದಳು. ಮಗ ಸಾಯುತ್ತಿದ್ದಾನೆ ಎಂದು ನಂಬಿದವರ ಸಂದೇಶಗಳು ಆ ತಾಯಿಗೆ ಬಂದವಂತೆ. ಇದನ್ನೆಲ್ಲ ನಾನು ಗುಂಪಿನಲ್ಲಿ ಉದ್ದಕ್ಕೆ ಬರೆದೆ. ಮೆಚ್ಚುಗೆಯ ಹೆಬ್ಬೆರಳುಗಳು ಸಾಲಾಗಿ ಬಂದವು. ಕೌಂಟರಿನ ಹಿಂದೆ ಮತ್ತೆ ಕೂತ ಹಾಗಾಯಿತು ನನಗೆ.

ಸಂಕ್ರಾಂತಿ ಮುಗಿದ ವಾರ ಇನ್ನೊಂದು ಮನವಿ ಬಂತು. ಐದು ವರ್ಷದ ಹೆಣ್ಣುಮಗು, ಥಲಸ್ಸೀಮಿಯಾ, ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಈಗ ಅಕ್ಕನ ಅಸ್ಥಿಮಜ್ಜೆ ಹೊಂದುತ್ತದೆ ಎಂದು ಗೊತ್ತಾಗಿದೆ, ಕಸಿಗೆ ದುಡ್ಡು ಬೇಕು. ತಂದೆಯ ಹೆಸರು, ಆಸ್ಪತ್ರೆಯ ಹೆಸರು, ಜನರಿಂದ ದೇಣಿಗೆ ಕೂಡಿಸುವ ಒಂದು ತಾಣದ ಕೊಂಡಿ, ಎರಡು ಜಡೆ ಹಾಕಿಕೊಂಡು ಕೈಗೆ ರಕ್ತದ ನಳಿಗೆ ಹಚ್ಚಿಸಿಕೊಂಡು ಕ್ಯಾಮೆರಾ ನೋಡಿ ನಗುತ್ತಿರುವ ಮಗು.

ಚಿತ್ರವನ್ನು ಲೆನ್ಸಿಗೆ ಹಾಕಿದೆ. ಮೂರು ಕಡೆ ಸಿಕ್ಕಿತು! ಒಂದು ಫೇಸ್‌ಬುಕ್ ಪುಟದಲ್ಲಿ ಇದೇ ಮಗುವಿಗೆ ಬೇರೆ ಹೆಸರು, ತೆಲುಗಿನಲ್ಲಿ ಬರಹ, ಕಾಯಿಲೆ ಹೃದಯದ್ದು. ಇನ್ನೊಂದರಲ್ಲಿ ಹಿಂದಿಯಲ್ಲಿ, ಮೂತ್ರಪಿಂಡದ ಕಾಯಿಲೆ. ಮೂರನೆಯದನ್ನು ನಾನು ತೆರೆಯಲೇ ಇಲ್ಲ. ಏನು ಉಳಿದಿದೆ ನೋಡುವುದಕ್ಕೆ? ಒಂದೇ ಮಗು, ಮೂರು ಹೆಸರು, ಮೂರು ಕಾಯಿಲೆ. ಮೊಬೈಲಿನ ಪೆನ್ನಿನಿಂದ ಮಗುವಿನ ಮುಖದ ಮೇಲೆ ಕೆಂಪು ಅಕ್ಷರದಲ್ಲಿ ‘ಮೋಸ’ ಎಂದು ಬರೆದು ಗುಂಪಿಗೆ ಹಾಕಿದೆ. ‘ಯಾರೂ ಕೊಡಬೇಡಿ, ಎಲ್ಲರಿಗೂ ತಿಳಿಸಿ’ ಎಂದೂ ಸೇರಿಸಿದೆ. ಎಲ್ಲ ಸೇರಿ ನಾಲ್ಕು ನಿಮಿಷ ಹಿಡಿದಿರಬಹುದು.

ಎಂಟು ಹತ್ತು ದಿನ ಕಳೆದಿತ್ತು. ನಮ್ಮ ಬೀದಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವಾತ ಸೀರೆಗಳ ಗಂಟು ತಂದುಕೊಟ್ಟು, ಎಂದಿನಂತೆ ಹೊರಡದೆ ಬಾಗಿಲಲ್ಲೇ ನಿಂತ.

‘ಏನಪ್ಪ, ದುಡ್ಡು ಕಮ್ಮಿ ಆಯ್ತಾ?’

‘ಇಲ್ಲ ಕಣಮ್ಮ. ಇದನ್ನ ಬರೆದಿದ್ದು ತಾವೇ ಅಂತ ಆ ಕೊನೆ ಮನೆ ಅಮ್ಮೋರು ಹೇಳಿದ್ರು.’ ಮೊಬೈಲು ತೋರಿಸಿದ. ನನ್ನ ಕೆಂಪು ಅಕ್ಷರ. ‘ಅದು ನಮ್ಮಣ್ಣನ ಮಗು.’

ಒಳಗೆ ಬಂದು ಕೂತ್ಕೋ ಅಂದೆ. ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, ದನಿ ಏರಿಸದೆ ಹೇಳಿದ. ಅಣ್ಣ ನಂಜನಗೂಡಿನ ಹತ್ತಿರ ಗಾರೆ ಕೆಲಸದವನು. ಒಂದೂವರೆ ವರ್ಷದ ಹಿಂದೆ ಆಸ್ಪತ್ರೆಯವರೇ ಹೇಳಿ ಆ ದೇಣಿಗೆ ತಾಣದಲ್ಲಿ ಮನವಿ ಹಾಕಿಸಿದ್ದರು, ಕಾಗದಪತ್ರ ಎಲ್ಲ ನೋಡಿಯೇ ಹಾಕಿಕೊಂಡಿದ್ದರು. ದುಡ್ಡು ನಿಧಾನಕ್ಕೆ ಕೂಡುತ್ತಿತ್ತು. ನಡುವೆ ಯಾರೋ ಅಲ್ಲಿಂದ ಮಗುವಿನ ಚಿತ್ರ ಎತ್ತಿಕೊಂಡು ಬೇರೆ ಹೆಸರಿನಲ್ಲಿ ದುಡ್ಡು ಕೇಳಲು ಶುರುಮಾಡಿದ್ದು ಇವರಿಗೇ ಗೊತ್ತಿರಲಿಲ್ಲ. ಈಗ ನನ್ನ ಕೆಂಪು ಚಿತ್ರ ಗುಂಪಿನಿಂದ ಗುಂಪಿಗೆ ಹಾರಿ, ಒಬ್ಬರ ತಮ್ಮನ ಮೂಲಕ ಮೋಸ ಬಯಲು ಮಾಡುವ ಒಂದು ಫೇಸ್‌ಬುಕ್ ಪುಟಕ್ಕೂ ಹೋಗಿ, ಕೊನೆಗೆ ಅಣ್ಣನ ಮೊಬೈಲಿಗೇ ಬಂದಿತ್ತು. ಆ ವಾರ ದೇಣಿಗೆ ಬರಲಿಲ್ಲ. ಬಂದದ್ದು ಬೈಗುಳದ ಫೋನು. ‘ಮಗೂನ ತೋರಿಸಿ ಭಿಕ್ಷೆ ಬೇಡ್ತೀರಾ’ ಎಂದು ಯಾರೋ ಅತ್ತಿಗೆಗೆ ಅಂದರಂತೆ.

‘ತಾವು ಬ್ಯಾಂಕಲ್ಲಿದ್ದೋರು. ನೋಡೇ ಬರೆದಿರ್ತೀರ ಅಂತ ನಾನೇ ಅಣ್ಣನ್ನ ಕೇಳ್ದೆ ಕಣಮ್ಮ, ಏನಾದ್ರೂ ಹೆಚ್ಚುಕಮ್ಮಿ ಮಾಡಿದ್ಯಾ ಅಂತ.’

ಅವನು ಹೋದ ಮೇಲೆ ಆ ಚಿತ್ರವನ್ನು ಮತ್ತೆ ಹುಡುಕಿದೆ. ಈ ಸಲ ಟಿನ್‌ಐನಲ್ಲಿ. ಅದು ಮುಖ ಗುರುತಿಸುವುದಿಲ್ಲ, ಒಂದೇ ಚಿತ್ರದ ಪ್ರತಿಗಳನ್ನು ಮಾತ್ರ ಹಿಡಿಯುತ್ತದೆ, ಆದರೆ ಲೆನ್ಸ್ ಮಾಡದ ಒಂದು ಉಪಕಾರ ಮಾಡುತ್ತದೆ. ಸಿಕ್ಕಿದ ಪ್ರತಿಗಳನ್ನು `Oldest` ಎಂದು ಒತ್ತಿ ಹಳೆಯದರಿಂದ ಹೊಸದಕ್ಕೆ ಜೋಡಿಸಬಹುದು. ಹಾಗೆ ಜೋಡಿಸಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ದೇಣಿಗೆ ತಾಣದ ಪುಟ. ನಾನು ತೆರೆಯದೇ ಬಿಟ್ಟಿದ್ದ ಆ ಮೂರನೆಯದು ಇದೇ. ಟಿನ್‌ಐ ತೋರಿಸುವ ತಾರೀಕು ಚಿತ್ರ ತೆಗೆದ ದಿನದ್ದಲ್ಲ, ಅದರ ಯಂತ್ರ ಆ ಪುಟವನ್ನು ಮೊದಲು ಕಂಡ ದಿನದ್ದು. ಹಾಗಾಗಿ ಅದೊಂದನ್ನೇ ನಂಬದೆ ಪ್ರತಿ ಪುಟವನ್ನೂ ತೆರೆದು ಅದರೊಳಗಿನ ತಾರೀಕು ನೋಡಿದೆ. ತೆಲುಗಿನದು ತಂದೆಯ ಮನವಿಗಿಂತ ಎಂಟು ತಿಂಗಳು ಈಚಿನದು. ಹಿಂದಿಯದು ಅದಕ್ಕೂ ಈಚಿನದು. ಆ ಎರಡರಲ್ಲೂ ಇದ್ದದ್ದು ಒಂದೇ ಚಿತ್ರ, ಅಂಚು ಕತ್ತರಿಸಿದ್ದು. ತಂದೆಯ ಪುಟದಲ್ಲಿ ಅದೇ ಚಿತ್ರ ಅಂಚು ಸಮೇತ ಇತ್ತು. ಕತ್ತರಿಸಿಹೋಗಿದ್ದ ಎಡಭಾಗದಲ್ಲಿ ಮಗುವಿನ ಇನ್ನೊಂದು ಕೈ ಹಿಡಿದುಕೊಂಡು ಅಕ್ಕ ನಿಂತಿದ್ದಳು. ಕದ್ದವನ ಹತ್ತಿರ ಕತ್ತರಿಸಿದ ತುಂಡು ಇರುತ್ತದೆ, ಇಡೀ ಚಿತ್ರ ಮನೆಯವರ ಹತ್ತಿರವೇ ಇರುವುದು. ಅದೇ ಮಗುವಿನ ಬೇರೆ ಬೇರೆ ತಿಂಗಳ ಇನ್ನೂ ಆರು ಚಿತ್ರ ಆ ಪುಟದಲ್ಲಿದ್ದವು. ಜಡೆ ಉದ್ದವಾಗುತ್ತ ಬಂದಿತ್ತು.

ಒಂದು ಚಿತ್ರ ಬೇರೆ ಕಡೆಯೂ ಇದೆ ಎಂದರೆ ಕದ್ದದ್ದು ಎಂದು ನಾನು ತೀರ್ಮಾನಿಸಿದ್ದೆ. ಕದ್ದದ್ದು ಹೌದು, ಆದರೆ ಯಾರು ಯಾರಿಂದ? ಸಹಿ ಎರಡು ಬೇರೆ ಇದ್ದಾಗ ಯಾವುದು ಸ್ಪೆಸಿಮನ್ ಎಂದು ಮೊದಲು ಕೇಳಬೇಕು. 31 ವರ್ಷ ಅದನ್ನೇ ಮಾಡಿದವಳು ಇಲ್ಲಿ ಎರಡು ಖೋಟಾ ಪ್ರತಿಗಳನ್ನು ಮುಂದಿಟ್ಟುಕೊಂಡು ಅಸಲನ್ನು ತಿರಸ್ಕರಿಸಿದ್ದೆ. ಯೋಚಿಸಿದಷ್ಟೂ ನನಗೆ ಇನ್ನೊಂದು ಕಂಡಿತು. ನಿಜವಾಗಿ ಕಷ್ಟದಲ್ಲಿರುವ ಕುಟುಂಬದ ಚಿತ್ರವೇ ಹೆಚ್ಚು ಕಡೆ ಸಿಗುವುದು. ಅವರು ಕಂಡಕಂಡವರಿಗೆ ಕಳಿಸಿರುತ್ತಾರೆ, ಪತ್ರಿಕೆಗೆ ಕೊಟ್ಟಿರುತ್ತಾರೆ, ಕದಿಯುವವರಿಗೆ ಅದು ಸುಲಭಕ್ಕೆ ಸಿಗುತ್ತದೆ. ಒಳ್ಳೆಯ ಕಳ್ಳನ ಚಿತ್ರವೋ ಎಲ್ಲೂ ಸಿಗುವುದಿಲ್ಲ. ಯಾರದೋ ವಾಟ್ಸಾಪಿನಿಂದ, ಮುಚ್ಚಿದ ಖಾತೆಯಿಂದ ಎತ್ತಿದ್ದನ್ನು ಯಾವ ಯಂತ್ರವೂ ಕಂಡಿರುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಚಿತ್ರದೊಳಗೆ ತೆಗೆದ ದಿನ, ಜಾಗದ ವಿವರವೂ ಉಳಿದಿರುವುದಿಲ್ಲ, ಕಳಿಸುವಾಗಲೇ ಅಳಿಸಿಹೋಗುತ್ತದೆ. ಸಿಕ್ಕಿತು ಅನ್ನುವುದಕ್ಕೂ ಸಿಗಲಿಲ್ಲ ಅನ್ನುವುದಕ್ಕೂ ನಾನು ಕೊಟ್ಟುಕೊಂಡಿದ್ದ ಅರ್ಥ ಎರಡೂ ತಪ್ಪು.

ಇದಕ್ಕಿಂತ ಜಾಣ ಕಳ್ಳತನವನ್ನು ಆಮೇಲೆ ಕಂಡೆ. ಅದೇ ಮಗುವಿನ ಅದೇ ಚಿತ್ರ, ಅದೇ ಹೆಸರು, ಅದೇ ಆಸ್ಪತ್ರೆ, ಅಕ್ಷರಶಃ ತಂದೆಯದೇ ಬರಹ. ಕೆಳಗಿನ ಕ್ಯೂಆರ್ ಕೋಡ್ ಒಂದೇ ಬೇರೆ. ಇದರ ಮುಂದೆ ಚಿತ್ರ ಪರೀಕ್ಷೆ ಪೂರ್ತಿ ನಿಷ್ಪ್ರಯೋಜಕ. ಚಿತ್ರ ಅಸಲಿ, ಮಗು ಅಸಲಿ, ಕಾಯಿಲೆ ಅಸಲಿ, ದುಡ್ಡು ಮಾತ್ರ ಇನ್ನಾರಿಗೋ. ಹಾಗಾಗಿ ಈಗ ನಾನು ಚಿತ್ರದಿಂದ ಹುಡುಕಿ ಮೂಲದ ಪುಟ ತಲುಪುತ್ತೇನೆ, ಸಂದೇಶದಲ್ಲಿರುವ ಕೋಡನ್ನು ಅಲ್ಲೇ ಬಿಡುತ್ತೇನೆ. ಆಸ್ಪತ್ರೆಯ ಫೋನ್ ನಂಬರನ್ನೂ ಸಂದೇಶದಿಂದ ತೆಗೆದುಕೊಳ್ಳುವುದಿಲ್ಲ, ಆಸ್ಪತ್ರೆಯ ಸ್ವಂತ ಜಾಲತಾಣದಲ್ಲಿ ನೋಡಿ ಮಾಡುತ್ತೇನೆ. ‘ಈ ಮಗು ನಿಮ್ಮಲ್ಲಿದೆಯಾ, ಏನು ಕಾಯಿಲೆ’ ಎಂದು ಕೇಳಿದರೆ ಹೇಳುವುದಿಲ್ಲ, ಹೇಳಲೂಬಾರದು. ‘ಈ ದಾಖಲಾತಿ ಸಂಖ್ಯೆಯ ಬಿಲ್ಲಿಗೆ ನಾನು ದುಡ್ಡು ಕಟ್ಟಬಹುದಾ’ ಎಂದು ಕೇಳಬಹುದು. ಹೌದು ಅಂದರೆ ಅಲ್ಲಿಗೇ ಕಟ್ಟಿ ರಸೀದಿ ತೆಗೆದುಕೊಳ್ಳುತ್ತೇನೆ. ‘ಇವತ್ತಿನ ಪೇಪರ್ ಹಿಡಿದುಕೊಂಡು ಮಗುವಿನ ಹೊಸ ಫೋಟೋ ಕಳಿಸಿ’, ‘ವಿಡಿಯೋ ಕಾಲ್‌ನಲ್ಲಿ ತೋರಿಸಿ’ ಎಂದು ಕೇಳುವವರಿದ್ದಾರೆ. ನಮ್ಮ ಗುಂಪಿನಲ್ಲೂ ಒಬ್ಬರು ಸೂಚಿಸಿದರು. ನನಗೆ ಅದು ಸರಿಕಾಣುವುದಿಲ್ಲ. ಐನೂರು ರೂಪಾಯಿ ಕೊಡುವುದಕ್ಕೆ ಮಂಚದ ಮೇಲಿರುವ ಮಗುವಿನಿಂದ ಹಾಜರಿ ಹಾಕಿಸಿಕೊಳ್ಳುವ ಹಕ್ಕು ನಮಗಿಲ್ಲ. ಮುಖ ಹುಡುಕುವ ತಾಣಗಳೂ ಇವೆ. ಯಾರದೋ ಮಗುವಿನ ಮುಖವನ್ನು ಅವುಗಳಿಗೆ ಒಪ್ಪಿಸಲು ನನ್ನ ಕೈ ಬರುವುದಿಲ್ಲ. ಮೋಸ ಎಂದು ಖಾತ್ರಿಯಾದ ಮನವಿಯ ಬಗ್ಗೆ ಎಚ್ಚರಿಕೆ ಕೊಡುವಾಗಲೂ ಚಿತ್ರ ಹಾಕುವುದಿಲ್ಲ, ಯುಪಿಐ ಐಡಿ ಹಾಕುತ್ತೇನೆ. ಕದ್ದವನದು ಅದೊಂದೇ. ಮುಖ ಮಗುವಿನದು.

ಆ ವಾರ ಇಸ್ತ್ರಿ ಅಂಗಡಿಗೆ ಹೋಗಿ, ಅಣ್ಣನ ಮನೆಗೆ ಕರೆದುಕೊಂಡು ಹೋಗು ಎಂದು ಕೇಳಿದೆ. ‘ಮನೆಗೆ ಬೇಡ ಕಣಮ್ಮ, ಅತ್ತಿಗೆ ಬೇಜಾರಲ್ಲಿದ್ದಾರೆ’ ಅಂದ. ರಕ್ತ ಕೊಡಿಸುವ ದಿನ ಆಸ್ಪತ್ರೆಯಲ್ಲಿ ಸಿಕ್ಕರು. ಬಿಲ್ಲಿಂಗ್ ಕೌಂಟರಿನಲ್ಲಿ ಮಗುವಿನ ಸಂಖ್ಯೆ ಹೇಳಿ ದುಡ್ಡು ಕಟ್ಟಿದೆ. ಕೌಂಟರಿನ ಹುಡುಗ ಸಂಖ್ಯೆಯನ್ನು ಎರಡು ಸಲ ಓದಿ ಹೇಳಿ, ಹೆಸರು ಸರಿಯಾ ಎಂದು ನನ್ನನ್ನೇ ಕೇಳಿದ. ಮಗುವಿನ ತಾಯಿ ನನ್ನ ಜೊತೆ ಮಾತಾಡಲಿಲ್ಲ. ರಸೀದಿ ತೆಗೆದುಕೊಂಡು ಮಡಿಸಿ ಚೀಲದಲ್ಲಿಟ್ಟುಕೊಂಡರು. ಗುಂಪಿನಲ್ಲಿ ತಪ್ಪೊಪ್ಪಿಗೆ ಬರೆದೆ. ಹೆಬ್ಬೆರಳುಗಳು ಈ ಸಲ ಎರಡೇ ಬಂದವು. ತಪ್ಪೊಪ್ಪಿಗೆಯನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ, ಕೆಂಪು ಚಿತ್ರವನ್ನು ಎಷ್ಟು ಜನ ಕಳಿಸಿದ್ದರೋ.

ಮರುವರ್ಷ ಕಸಿ ಆಯಿತು. ಇಸ್ತ್ರಿಯಾತ ಹೇಳಿದ, ಸೀರೆ ಎಣಿಸುತ್ತ, ತಲೆ ಎತ್ತದೆ. ಮಗು ಈಗ ಶಾಲೆಗೆ ಹೋಗುತ್ತಿದ್ದಾಳೆ.

ಆ ಫೇಸ್‌ಬುಕ್ ಪುಟದವರಿಗೆ ಮೂರು ಸಲ ಬರೆದು ನನ್ನ ಕೆಂಪು ಚಿತ್ರವನ್ನು ತೆಗೆಸಿದೆ. ಅಷ್ಟರಲ್ಲಿ ಅದನ್ನು ಇನ್ನಿಬ್ಬರು ಎತ್ತಿಕೊಂಡಿದ್ದರು. ಅವರಲ್ಲೊಬ್ಬರು ತೆಗೆದರು, ಇನ್ನೊಬ್ಬರು ಉತ್ತರಿಸಲಿಲ್ಲ. ತಿಂಗಳಿಗೊಮ್ಮೆ ಆ ಎರಡು ಜಡೆಯ ಚಿತ್ರವನ್ನು ಹುಡುಕುತ್ತೇನೆ. ಮೊದಲು ತಂದೆಯ ಪುಟ ಬರುತ್ತದೆ, ಅಕ್ಕನ ಕೈ ಹಿಡಿದ ಇಡೀ ಚಿತ್ರ. ತೆಲುಗಿನದೂ ಹಿಂದಿಯದೂ ಯಾರೋ ದೂರು ಕೊಟ್ಟು ಹೋಗಿಬಿಟ್ಟಿವೆ. ಅದರ ಕೆಳಗೆ ಇನ್ನೊಂದು ಪ್ರತಿ ಇನ್ನೂ ಇದೆ, ಹಣೆಯಿಂದ ಗಲ್ಲದವರೆಗೆ ಕೆಂಪು ಅಕ್ಷರ, ನನ್ನ ಕೈಬರಹದ್ದು.